48 ಸೆಕೆಂಡಿಗೆ 582 ಫೋಟೊ: ಅಜ್ಜಿ, ಕೋಳಿ, ರಂಗೋಲಿ

ಕೊನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ಸ್ಟಾಪ್ ಮೋಷನ್, ಅಂದ್ರೆ ಬೊಂಬೆನ ಚೂರು ಚೂರೇ ಸರಿಸಿ ಒಂದೊಂದು ಫೋಟೊ ತೆಗೆದು ಸಿನಿಮಾ ಥರ ಓಡ್ಸೋದು, ಮಾಡೋಣ ಅಂತ ನಾವು ಮೂವರು ಡಿಸೈಡ್ ಮಾಡಿದಾಗ ತಲೇಲಿ ಇದ್ದಿದ್ದು ಎರಡು ನಿಮಿಷದ ಸಿನಿಮಾ. ಕಥೆ ಸಣ್ಣದು, ಬೆಳಗಾಗ್ತಾ ಒಬ್ಬ ಅಜ್ಜಿ ಬಾಗಿಲ ಮುಂದೆ ರಂಗೋಲಿ ಹಾಕ್ತಾಳೆ, ಕೋಳಿ ಬಂದು ಅದರ ಮೇಲೇ ಹಾರಿ ಕೆದಕಿಬಿಡತ್ತೆ, ಅಜ್ಜಿ ಮೊದಲು ಸಿಟ್ಟಾಗಿ ಆಮೇಲೆ ಆ ಕೆದಕಿದ ಜಾಗಾನೇ ತಿದ್ದಿ ನವಿಲು ಮಾಡ್ತಾಳೆ, ಅಷ್ಟೇ. ಮೈಸೂರಲ್ಲಿ ನಮ್ಮ ಮಾವನ ಮನೆ ಮಹಡಿ ರೂಮು ಖಾಲಿ ಇತ್ತು, ಮಧ್ಯಾಹ್ನ 2ರಿಂದ ರಾತ್ರಿ 8ರವರೆಗೆ ನಮಗೆ ಕೊಟ್ರು. ಕೈಯಲ್ಲಿದ್ದಿದ್ದು ಏಳು ವಾರ.

ಮೊದಲ ವಾರ ಬೊಂಬೆ ಮುಟ್ಟಲೇ ಇಲ್ಲ, ಬರೀ ಲೆಕ್ಕ. ಈ ಲೆಕ್ಕ ಹೇಗೆ ಮಾಡಿದ್ವಿ ಅಂತ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಮುಂದೆ ಬಂದಿದ್ದೆಲ್ಲ, ಬೊಂಬೆನ ಗಾಳೀಲಿ ಹಿಡಿದು ನಿಲ್ಸೋ ರಿಗ್ಗು, ಲೈಟು, ಯಾವ ದಿನ ಏನು, ಎಲ್ಲ ಇಲ್ಲಿಂದಲೇ ಬಂತು.

ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್. ಆದ್ರೆ ಒಂದೊಂದು ಫೋಟೊನ ಎರಡೆರಡು ಫ್ರೇಮ್ ಹಿಡಿದ್ರೆ 12 ಫೋಟೊ ಸಾಕು, ಇದನ್ನೇ 'ಟೂಸ್' ಅಂತಾರೆ, ಪ್ರತಿ ಫ್ರೇಮಿಗೂ ಬೇರೆ ಫೋಟೊ ಅಂದ್ರೆ 'ಒನ್ಸ್'. ಬೊಂಬೆ ನಡೆಯೋದು, ಕೂರೋದು, ಕೈ ಆಡ್ಸೋದು ಟೂಸಲ್ಲೇ ಚೆನ್ನಾಗಿ ಕಾಣತ್ತೆ. ಎರಡು ನಿಮಿಷ ಟೂಸಲ್ಲಿ ಅಂದ್ರೂ 1440 ಫೋಟೊ. ಅದು ಜಾಸ್ತೀನಾ ಕಮ್ಮೀನಾ ಅಂತ ಬರೀ ಕೂತು ಯೋಚನೆ ಮಾಡಿದ್ರೆ ಗೊತ್ತಾಗಲ್ಲ, ಹಾಗಾಗಿ ಒಂದು ತಂತಿ ಬೊಂಬೆ ಮಾಡಿ ಎರಡು ಸೆಕೆಂಡ್ ನಡಿಗೆ ತೆಗೆದು ಗಡಿಯಾರ ಇಟ್ಟು ನೋಡಿದ್ವಿ. 24 ಫೋಟೊಗೆ 2 ಗಂಟೆ 20 ನಿಮಿಷ ಹಿಡೀತು, ಹತ್ತಿರ ಹತ್ತಿರ ಒಂದಕ್ಕೆ 6 ನಿಮಿಷ. ರೂಮಲ್ಲಿ ಸಿಗೋ 6 ಗಂಟೇಲಿ ಲೈಟು ಕಾಯೋದು, ಕ್ಯಾಮೆರಾ ಚೆಕ್ ಮಾಡೋದು ಅಂತ 1 ಗಂಟೆ ಹೋದ್ರೆ ಉಳಿದ 5 ಗಂಟೇಲಿ 50 ಫೋಟೊ. ಸೆಟ್ಟು, ಬೊಂಬೆ, ಎಡಿಟಿಂಗ್, ಸೌಂಡ್ ಎಲ್ಲ ಕಳೆದು ಶೂಟಿಂಗಿಗೆ ಉಳಿಯೋದು 15 ದಿನ, ಅಂದ್ರೆ 750 ಫೋಟೊ. ಅದರಲ್ಲಿ ಐದನೇ ಒಂದು ಭಾಗ ಕೆಟ್ಟು ಮತ್ತೆ ತೆಗೀಬೇಕಾಗತ್ತೆ ಅಂತ ಪಕ್ಕಕ್ಕಿಟ್ರೆ 600. ಅದು 50 ಸೆಕೆಂಡ್.

ಎರಡು ನಿಮಿಷ ಅಲ್ಲ, 50 ಸೆಕೆಂಡ್. ಆವತ್ತು ಸಾಯಂಕಾಲ ಮೂವರೂ ಸುಮ್ಮನೆ ಕೂತಿದ್ವಿ. ಆದ್ರೆ ಕಥೆನ ಮತ್ತೆ ಓದಿದಾಗ ಅಜ್ಜಿ ನೀರು ಚಿಮುಕ್ಸೋದು, ಹಾಲಿನವನು ಬರೋದು, ಪಕ್ಕದ ಮನೆಯವಳು ನೋಡೋದು, ಇದ್ಯಾವುದೂ ಇಲ್ದೇನೂ ಕಥೆ ನಿಲ್ಲತ್ತೆ ಅಂತ ಗೊತ್ತಾಯ್ತು, ತೆಗೆದುಬಿಟ್ವಿ. ಏಳು ಶಾಟು ಉಳಿದ್ವು. ಅಂಗಳದ ವೈಡ್ ಶಾಟ್ 5 ಸೆಕೆಂಡ್, ಅಜ್ಜಿ ನಡ್ಕೊಂಡು ಬಂದು ಕೂರೋದು 9, ಚುಕ್ಕಿ ಇಡೋ ಕೈ 7, ಮೇಲಿಂದ ನೋಡಿದ ಹಾಗೆ ಎಳೆ ಬೆಳೆಯೋದು 10, ಕೋಳಿ ಬರೋದು 6, ಹಾರೋದು ಕೆದಕೋದು 4, ಕೊನೇಗೆ ಅಜ್ಜಿ ಮುಖ ಮತ್ತು ನವಿಲು 7. ಒಟ್ಟು 48 ಸೆಕೆಂಡ್, 576 ಫೋಟೊ. ಕೋಳಿ ಹಾರೋ ಅರ್ಧ ಸೆಕೆಂಡ್ ಮಾತ್ರ ಒನ್ಸಲ್ಲಿ ತೆಗೀಬೇಕು ಅಂದ್ಕೊಂಡ್ವಿ, ಅಷ್ಟು ಜೋರು ಚಲನೆ ಟೂಸಲ್ಲಿ ತಡವರಿಸಿದ ಹಾಗೆ ಕಾಣತ್ತೆ, ಅಲ್ಲಿ 6 ಫೋಟೊ ಜಾಸ್ತಿ, 582.

ಸೆಕೆಂಡುಗಳನ್ನ ಅಂದಾಜಲ್ಲಿ ಬರೆದಿಲ್ಲ. ಅಮ್ಮ ದಿನಾ ರಂಗೋಲಿ ಹಾಕೋದನ್ನ ಮೊಬೈಲಲ್ಲಿ ವಿಡಿಯೊ ತೆಗೆದು ಫ್ರೇಮ್ ಫ್ರೇಮ್ ನೋಡಿದೆ. ಹೆಬ್ಬೆಟ್ಟು ತೋರುಬೆರಳು ಪುಡಿ ಬಿಟ್ಟು ಮುಂದಿನ ಚುಕ್ಕಿಗೆ ಹೋಗೋದಕ್ಕೆ ಸುಮಾರು 10 ಫ್ರೇಮ್, ಅಂದ್ರೆ ಟೂಸಲ್ಲಿ 5 ಫೋಟೊ. ನಾಲ್ಕು ಚುಕ್ಕಿ ನಾಲ್ಕು ಸಾಲಿನ ರಂಗೋಲಿಗೆ 16 ಚುಕ್ಕಿ, 80 ಫೋಟೊ, ಕೊನೇಲಿ ಕೈ ಹಿಂದಕ್ಕೆ ತಗೊಳೋಕೆ 4, ಒಟ್ಟು 84, ಸರಿಯಾಗಿ 7 ಸೆಕೆಂಡ್. ನಾವು ಮೊದಲು ಬಿಡಿಸಿದ್ದ ಆರು ಚುಕ್ಕಿ ರಂಗೋಲಿಗೆ 36 ಚುಕ್ಕಿ, ಅದೊಂದಕ್ಕೇ 15 ಸೆಕೆಂಡ್ ಬೇಕಾಗ್ತಿತ್ತು. ಹಾಗಾಗಿ ನಮ್ಮ ಸಿನಿಮಾದ ರಂಗೋಲಿ ಯಾವುದು ಅನ್ನೋದೂ ಫ್ರೇಮ್ ಲೆಕ್ಕದಿಂದಲೇ ತೀರ್ಮಾನ ಆಯ್ತು.

ಬೊಂಬೆ ಬಗ್ಗೆ ಬೇಗ ಹೇಳ್ತೀನಿ. ಅಜ್ಜಿ 20 ಸೆಂಟಿಮೀಟರ್, 2 ಎಂಎಂ ಅಲ್ಯೂಮಿನಿಯಂ ತಂತಿ ಎರಡೆಳೆ ಸೇರಿಸಿ ಡ್ರಿಲ್ಲಲ್ಲಿ ಹುರಿ ಹಾಕಿದ್ದು, ಮೂಳೆ ಇರೋ ಕಡೆ ಎಂ-ಸೀಲ್ ಮೆತ್ತಿದ್ವಿ, ಹಾಗೆ ಮಾಡಿದ್ರೆ ಮೊಣಕೈ ಮೊಣಕಾಲು ಹತ್ರ ಮಾತ್ರ ಬಗ್ಗತ್ತೆ. ಪಾದದೊಳಗೆ ಒಂದೊಂದು ಎಂ3 ನಟ್ಟು ಹೂತಿದೀವಿ, ಪ್ಲೈವುಡ್ ನೆಲದ ಕೆಳಗಿಂದ ಸ್ಕ್ರೂ ತಿರುಗಿಸಿ ಬಿಗಿ ಮಾಡಿದ್ರೆ ಬೊಂಬೆ ಒಂಟಿ ಕಾಲಲ್ಲೂ ನಿಲ್ಲತ್ತೆ. ಪ್ರತಿ ಹೆಜ್ಜೆಗೂ ನೆಲದಲ್ಲಿ ತೂತು ಬೇಕು, ಆ ತೂತಿನ ಜಾಗ ಮೊದಲೇ ಗುರುತು ಮಾಡಿರಬೇಕು, ಖಾಲಿ ತೂತಿಗೆ ನೆಲದ ಬಣ್ಣದ್ದೇ ಜೇಡಿಮುದ್ದೆ ತುಂಬಬೇಕು. ನೆಲ ರೆಡ್ ಆಕ್ಸೈಡ್ ಬಣ್ಣ, ನಮ್ಮಜ್ಜಿ ಮನೆ ಜಗಲಿ ಥರ.

ಈಗ ಲೈಟು. ನಮ್ಮ ಟೈಮು ಅತಿ ಹೆಚ್ಚು ತಿಂದಿದ್ದು ಇದೇ.

ಶೂಟಿಂಗ್ ಶುರು ಮಾಡೋ ಮುಂಚೆ ನಮ್ಮ ಮೇಷ್ಟ್ರು ಒಂದು ಟೆಸ್ಟ್ ಮಾಡೋಕೆ ಹೇಳಿದ್ರು. ಸೆಟ್ ರೆಡಿ ಮಾಡಿ, ಬೊಂಬೆ ಇಟ್ಟು, ಏನನ್ನೂ ಮುಟ್ಟದೆ ಅರ್ಧರ್ಧ ನಿಮಿಷಕ್ಕೊಂದು ಫೋಟೊ, ಒಟ್ಟು 24, ಆಮೇಲೆ ಅದನ್ನ ಓಡಿಸಿ ನೋಡೋದು. ಏನೂ ಅಲ್ಲಾಡಿಲ್ಲ ಅಂದ್ಮೇಲೆ ಒಂದೇ ಫೋಟೊ ನಿಂತ ಹಾಗೆ ಕಾಣ್ಬೇಕು. ನಮ್ಮದು ಓಡಿಸಿದ್ರೆ ಹಳೇ ಟ್ಯೂಬ್‌ಲೈಟ್ ಹೋಗೋ ಮುಂಚೆ ಮಾಡತ್ತಲ್ಲ ಆ ಥರ ಪಟಪಟ ಅಂತಿತ್ತು. ಒಂದೊಂದೇ ಫೋಟೊ ನೋಡಿದ್ರೆ ಎಲ್ಲ ಒಂದೇ ಥರ ಕಾಣತ್ತೆ, ಓಡಿಸಿದಾಗ ಮಾತ್ರ ಗೊತ್ತಾಗತ್ತೆ. ಓಡ್ಸೋಕೆ ನಾವು ಉಪಯೋಗಿಸಿದ್ದು ಇದು:

```
ffmpeg -framerate 12 -i test_%04d.jpg -vf scale=1920:-2 -pix_fmt yuv420p test.mp4
```

ಕಣ್ಣಿಗೆ ಅನುಮಾನ ಬಂದಾಗ ಪ್ರತಿ ಫೋಟೊದ ಸರಾಸರಿ ಬೆಳಕು ಎಷ್ಟು ಅಂತ ನಂಬರಲ್ಲೇ ನೋಡ್ಬಹುದು:

```
magick identify -format "%f %[fx:mean]\n" test_*.jpg
```

ನಮ್ಮ ನಂಬರು 0.412, 0.397, 0.415, 0.401 ಅಂತ ಹಾರಾಡ್ತಿತ್ತು, ಜೊತೆಗೆ ಹತ್ತು ಫೋಟೊ ದಾಟ್ತಾ ಒಟ್ಟಾರೆ ನಿಧಾನಕ್ಕೆ ಇಳೀತಾನೂ ಇತ್ತು. ಎರಡು ಬೇರೆ ಬೇರೆ ಕಾಯಿಲೆ ಇದು. ಒಂದು ಫೋಟೊಯಿಂದ ಇನ್ನೊಂದಕ್ಕೆ ಜಿಗಿಯೋದು ಸಾಮಾನ್ಯವಾಗಿ ಕ್ಯಾಮೆರಾ ಕಡೆಯದು, ನಿಧಾನಕ್ಕೆ ಏರೋದು ಇಳಿಯೋದು ಕರೆಂಟಿನದು ಅಥವಾ ಬಲ್ಬಿನದು. ಎಲ್ಲ ಒಟ್ಟಿಗೆ ಬದಲಾಯಿಸಿಬಿಟ್ರೆ ಯಾವುದರಿಂದ ಸರಿ ಹೋಯ್ತು ಅಂತ ತಿಳಿಯಲ್ಲ, ಹಾಗಾಗಿ ಒಂದೊಂದೇ ಬದಲಾಯಿಸಿ ಪ್ರತಿ ಸಲ ಅದೇ 24 ಫೋಟೊ ಟೆಸ್ಟ್.

ಮೊದಲು ಶಟರ್, ಅಂದ್ರೆ ಒಂದು ಫೋಟೊಗೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಗೆ ಬಿಡತ್ತೆ ಅನ್ನೋದು. ನಾವು 1/60 ಸೆಕೆಂಡಿಗೆ ಇಟ್ಟಿದ್ವಿ. ನಮ್ಮ ಮನೆ ಕರೆಂಟು 50 ಹರ್ಟ್ಸ್, ಅದರಲ್ಲಿ ಉರಿಯೋ ಬಲ್ಬಿನ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯತ್ತೆ. 1/60ರ ಒಳಗೆ ಒಂದೂಮುಕ್ಕಾಲು ಏರಿಳಿತಕ್ಕೂ ಸ್ವಲ್ಪ ಕಮ್ಮಿ ಸಿಗತ್ತೆ, ಒಂದು ಫೋಟೊಗೆ ಏರಿದ್ದು ಜಾಸ್ತಿ, ಇನ್ನೊಂದಕ್ಕೆ ಇಳಿದಿದ್ದು ಜಾಸ್ತಿ. ಶಟರ್‌ನ ಅರ್ಧ ಸೆಕೆಂಡಿಗೆ ಇಟ್ರೆ ಒಳಗೆ ಸರಿಯಾಗಿ 50 ಏರಿಳಿತ, ಎಲ್ಲ ಫೋಟೊಗೂ ಸಮ. ಬೊಂಬೆ ಓಡಿಹೋಗಲ್ಲವಲ್ಲ, ನಿಧಾನ ಶಟರ್ ಇಟ್ರೆ ನಷ್ಟ ಏನಿಲ್ಲ, ಆ ಅರ್ಧ ಸೆಕೆಂಡ್ ರೂಮಲ್ಲಿ ಯಾರೂ ಹೆಜ್ಜೆ ಎತ್ತಬಾರದು ಅಷ್ಟೇ. ಐಎಸ್ಒ 100, ಎಫ್8, ವೈಟ್ ಬ್ಯಾಲೆನ್ಸ್ ಕೆಲ್ವಿನ್ ನಂಬರ್ ಹಾಕಿ ಲಾಕ್, ಫೋಕಸ್ ಮ್ಯಾನ್ಯುಯಲ್. ಆಟೊ ಅಂತ ಯಾವುದೂ ಇರಬಾರದು.

ಜಿಗಿತ ಅರ್ಧ ಕಮ್ಮಿ ಆಯ್ತು, ಪೂರ್ತಿ ಹೋಗಲಿಲ್ಲ. ಉಳಿದಿದ್ದು ಲೆನ್ಸಿಂದು. ಡಿಎಸ್ಎಲ್ಆರ್ ಲೆನ್ಸು ಪ್ರತಿ ಕ್ಲಿಕ್ಕಿಗೂ ಒಳಗೆ ಬೆಳಕಿನ ತೂತನ್ನ ಹಿಗ್ಗಿಸಿ ಕುಗ್ಗಿಸೋ ಅಪರ್ಚರ್ ಎಲೆಗಳನ್ನ ಮುಚ್ಚಿ ಮತ್ತೆ ತೆರೆಯತ್ತೆ, ಪ್ರತಿ ಸಲ ಕೂದಲೆಳೆಯಷ್ಟು ವ್ಯತ್ಯಾಸ. ಒಂದೇ ಫೋಟೊ ತೆಗೆಯೋರಿಗೆ ಅದು ಲೆಕ್ಕಕ್ಕೇ ಇಲ್ಲ, ನಮಗೆ ಅದೇ ಫ್ಲಿಕರ್, ಓಡಿಸಿದಾಗ ಕಾಣೋ ಆ ಪಟಪಟ. ಗೆಳೆಯನ ಚಿಕ್ಕಪ್ಪನ ಹತ್ರ ಫಿಲಂ ಕಾಲದ ಒಂದು ನಿಕಾನ್ 50 ಎಂಎಂ ಲೆನ್ಸ್ ಇತ್ತು, ಅಪರ್ಚರನ್ನ ಲೆನ್ಸ್ ಮೇಲಿನ ಉಂಗುರದಲ್ಲೇ ಕೈಯಲ್ಲಿ ತಿರುಗಿಸೋದು. ಅದನ್ನ ಅಡಾಪ್ಟರ್ ಹಾಕಿ ನಮ್ಮ ಕ್ಯಾನನ್ ಬಾಡಿಗೆ ಕೂರಿಸಿದ್ವಿ. ಒಂದು ಸಲ ಎಫ್8ಗೆ ತಿರುಗಿಸಿ ಉಂಗುರಕ್ಕೆ ಟೇಪ್ ಹಚ್ಚಿದ್ರೆ ಮುಗೀತು, ಎಲೆಗಳು ಅಲ್ಲಾಡೋದೇ ಇಲ್ಲ. ಜಿಗಿತ ನಿಂತುಹೋಯ್ತು.

ಉಳಿದಿದ್ದು ನಿಧಾನದ ಏರಿಳಿತ. ನಾವು ಮೊದಲು ಹಾಕಿದ್ದು ಬಾಡಿಗೆ ಹ್ಯಾಲೊಜನ್ ಲೈಟು, ಬೆಳಗಿನ ಜಾವದ ಹಳದಿ ಅದರಲ್ಲಿ ಬಹಳ ಚೆನ್ನಾಗಿ ಬರ್ತಿತ್ತು, ಬಿಡೋಕೆ ಮನಸ್ಸಿರಲಿಲ್ಲ. ಬೀದಿ ಎಲೆಕ್ಟ್ರಿಷಿಯನ್ ಅಣ್ಣನ್ನ ಕರೆದು ತೋರಿಸಿದ್ವಿ. ಅವರು ಮೀಟರ್ ಚುಚ್ಚಿ ನೋಡಿ, "ಮಧ್ಯಾಹ್ನ 232 ಐತೆ, ಸಂಜೆ ಆರೂವರೆಗೆ ನೋಡ್ಕಳಿ, ಎಲ್ಲಾ ಮನೇಲೂ ಮೋಟ್ರು ಹಾಕ್ತಾರೆ, 215ಕ್ಕೂ ಇಳೀತದೆ. ಈ ಬಲ್ಬು ಬ್ಯಾಡ" ಅಂದ್ರು. ಆಮೇಲೆ ಲೆಕ್ಕ ಹಾಕಿದಾಗ ಅವರು ಹೇಳಿದ್ದು ಎಷ್ಟು ಸರಿ ಅಂತ ಗೊತ್ತಾಯ್ತು. ಫಿಲಮೆಂಟ್ ಬಲ್ಬಲ್ಲಿ ವೋಲ್ಟೇಜ್ 5 ಪರ್ಸೆಂಟ್ ಇಳಿದ್ರೆ ಬೆಳಕು ಹತ್ತಿರ ಹತ್ತಿರ 16 ಪರ್ಸೆಂಟ್ ಇಳಿಯತ್ತೆ, ಜೊತೆಗೆ ಬಣ್ಣಾನೂ ಕೆಂಪಗಾಗತ್ತೆ. ನಮ್ಮ ಮನೇಲಿ ಇಳೀತಿದ್ದಿದ್ದು 7 ಪರ್ಸೆಂಟ್. ಎಲ್ಇಡಿಲಿ ಒಳ್ಳೇ ಡ್ರೈವರ್ ಇದ್ರೆ ಒಳಗೆ ಹೋಗೋ ಕರೆಂಟನ್ನ ಅದೇ ಸಮ ಇಡತ್ತೆ. ಎಲ್ಲ ಎಲ್ಇಡಿಲೂ ಆ ಡ್ರೈವರ್ ಇರಲ್ಲ, ಹಾಗಾಗಿ ಮೂರು ಥರ ಬಲ್ಬು ತಂದು ಮಧ್ಯಾಹ್ನ ಒಂದು ಸಲ, ಸಂಜೆ ಮೋಟ್ರು ಹೊತ್ತಲ್ಲಿ ಒಂದು ಸಲ ಟೆಸ್ಟ್ ಮಾಡಿದ್ವಿ, ಎರಡು ಫೇಲು, ಒಂದು ಪಾಸು. ಪಾಸಾದ ಬ್ರ್ಯಾಂಡಲ್ಲೇ 2700 ಕೆಲ್ವಿನ್ ಹಳದಿ ಎರಡು ಸೂರ್ಯನ ಕಡೆಯಿಂದ, 6500ರ ಬಿಳಿ ಒಂದು ಥರ್ಮೊಕೋಲ್ ಶೀಟಿಗೆ ಬಡಿಸಿ ಎದುರು ಕಡೆಯಿಂದ. ಹ್ಯಾಲೊಜನ್ ಬೆಳಕಿನ ಆ ಮೃದು ಪೂರ್ತಿ ಸಿಗಲಿಲ್ಲ, ಅದು ಈಗಲೂ ನನಗೆ ಬೇಜಾರೇ. ಎಲ್ಇಡಿನೂ ಹಚ್ಚಿದ ಹೊಸದರಲ್ಲಿ ಬಿಸಿ ಆಗ್ತಾ ಆಗ್ತಾ ಸ್ವಲ್ಪ ಮಂಕಾಗತ್ತೆ, ಆಮೇಲೆ ನಿಲ್ಲತ್ತೆ, ಹಾಗಾಗಿ ದಿನಾ ಮೊದಲು ಲೈಟ್ ಹಾಕಿ ಅರ್ಧ ಗಂಟೆ ಬಿಟ್ಟು ಆಮೇಲೇ ಮೊದಲ ಕ್ಲಿಕ್.

ಇನ್ನೊಂದು ಫ್ಲಿಕರ್ ಬೊಂಬೆ ಮುಟ್ಟೋಕೆ ಶುರು ಮಾಡಿದ ಮೇಲೆ ಬಂತು, ಏನೂ ಮುಟ್ಟದ ಟೆಸ್ಟಲ್ಲಿ ಅದು ಬರೋ ಹಾಗೇ ಇರಲಿಲ್ಲ. ಫ್ರೇಮಿನ ಎಡಗಡೆ ಗೋಡೆ ಮಾತ್ರ ಆಗಾಗ ಬೆಳ್ಳಗಾಗ್ತಿತ್ತು. ಹುಡುಕಿ ನೋಡಿದ್ರೆ ನನ್ನ ಬಿಳಿ ಟೀಶರ್ಟು. ಬೊಂಬೆ ಸರಿಸಿ ನಾನು ಹಿಂದೆ ಬಂದು ನಿಲ್ಲೋ ಜಾಗ ಪ್ರತಿ ಸಲ ಬೇರೆ, ಶರ್ಟಿಗೆ ಬಡಿದ ಬೆಳಕು ಗೋಡೆಗೆ. ಅವತ್ತಿಂದ ಕಪ್ಪು ಬಟ್ಟೆ, ನೆಲದಲ್ಲಿ ಟೇಪಲ್ಲಿ ನಿಲ್ಲೋ ಜಾಗದ ಗುರುತು, ಲ್ಯಾಪ್‌ಟಾಪ್ ಸ್ಕ್ರೀನು ಸೆಟ್ಟಿಗೆ ಬೆನ್ನು ಮಾಡಿ. ಕಿಟಕಿಗೆ ಕಪ್ಪು ಚಾರ್ಟ್ ಎರಡು ಪದರ, ಸಂದಿಗೆಲ್ಲ ಟೇಪು. ಫ್ಯಾನ್ ಹಾಕೋ ಹಾಗಿಲ್ಲ, ರಂಗೋಲಿ ಪುಡಿ ಹಾರತ್ತೆ. ಏಪ್ರಿಲ್ ತಿಂಗಳು, ಮಹಡಿ ರೂಮು, ಕಷ್ಟ ಆಯ್ತು.

ರಿಗ್ ವಿಷಯಕ್ಕೆ ಬರ್ತೀನಿ, ಕೋಳಿ ಹಾರೋದಕ್ಕೆ. ಕೋಳಿ 6 ಸೆಂಟಿಮೀಟರ್ ಎತ್ತರ, ಒಳಗೆ ತಂತಿ, ಮೇಲೆ ಫೋಮು, ಬಟ್ಟೆ. ಗಾಳೀಲಿ ನಿಲ್ಬೇಕಾದ್ರೆ ಹಿಂದಿನಿಂದ ಏನಾದ್ರೂ ಹಿಡ್ಕೋಬೇಕು, ಅದನ್ನ ಆಮೇಲೆ ಎಡಿಟಿಂಗಲ್ಲಿ ಅಳಿಸ್ಬೇಕು. ಮೊದಲು ದಪ್ಪ ಜಿಐ ತಂತಿ ಬಗ್ಗಿಸಿ ಮಾಡಿದ್ವಿ. ನೋಡೋಕೆ ಗಟ್ಟಿ ಇತ್ತು, ಆದ್ರೆ ಕೋಳಿ ಇಟ್ಟು ಒಂದು ಫೋಟೊ, ಎರಡು ನಿಮಿಷ ಬಿಟ್ಟು ಇನ್ನೊಂದು ಫೋಟೊ ತೆಗೆದು ಹಿಂದೆ ಮುಂದೆ ಮಾಡಿ ನೋಡಿದ್ರೆ ಕೋಳಿ ಒಂದೂವರೆ ಎಂಎಂ ಕೆಳಗೆ ಬಂದಿತ್ತು. ಭಾರಕ್ಕೆ ತಂತಿ ನಿಧಾನಕ್ಕೆ ಜಗ್ಗತ್ತೆ, ಕೈ ಬಿಟ್ಟ ತಕ್ಷಣ ಕಾಣಲ್ಲ. ಯಾವ ರಿಗ್ ಆದ್ರೂ ಈ ಎರಡು ನಿಮಿಷದ ಟೆಸ್ಟ್ ಮಾಡಿ ನೋಡಿ. ಕೊನೇಗೆ ಕ್ಯಾಮೆರಾದವರು ಮಾನಿಟರ್ ಹಿಡ್ಸೋಕೆ ಉಪಯೋಗಿಸೋ ಮ್ಯಾಜಿಕ್ ಆರ್ಮ್ ಬಾಡಿಗೆಗೆ ತಂದ್ವಿ, ಮಧ್ಯದ ಒಂದೇ ತಿರುಪು ಬಿಗಿ ಮಾಡಿದ್ರೆ ಎಲ್ಲ ಕೀಲೂ ಲಾಕ್. ಅದರ ತುದಿಗೆ ಸಣ್ಣ ಹಿತ್ತಾಳೆ ಚೌಕ ಟ್ಯೂಬು, ಕೋಳಿ ಪಕ್ಕೆಯಲ್ಲಿ ಅದಕ್ಕಿಂತ ಒಂದು ಸೈಜ್ ದೊಡ್ಡ ಚೌಕ ಟ್ಯೂಬು, ಒಂದರೊಳಗೊಂದು ಕೂರತ್ತೆ, ಚೌಕ ಆಗಿರೋದ್ರಿಂದ ತಿರುಗಲ್ಲ.

ಎಷ್ಟು ಎತ್ತರ ಹಾರಬೇಕು ಅನ್ನೋದಕ್ಕೂ ಲೆಕ್ಕ ಇದೆ. ನಿಜವಾದ ಕೋಳಿ ಅರ್ಧ ಸೆಕೆಂಡಲ್ಲಿ ಎಗರಿ ಇಳಿದ್ರೆ ಸುಮಾರು 30 ಸೆಂಟಿಮೀಟರ್ ಮೇಲೆ ಹೋಗತ್ತೆ, ಗುರುತ್ವದ ಸೂತ್ರದಲ್ಲಿ ಬರೋದು ಅಷ್ಟು. ನಿಜ ಕೋಳಿ 40 ಸೆಂಟಿಮೀಟರ್ ಅಂದ್ಕೊಂಡ್ರೆ ನಮ್ಮ ಕೋಳಿಗೆ ಅದು ನಾಲ್ಕೂವರೆ ಸೆಂಟಿಮೀಟರ್. ಒನ್ಸಲ್ಲಿ 12 ಫೋಟೊ, ಆರರಲ್ಲಿ ಮೇಲೆ, ಆರರಲ್ಲಿ ಕೆಳಗೆ. ಸಮ ಸಮ ಏರಿಸಿದ್ರೆ ಲಿಫ್ಟಲ್ಲಿ ಹೋದ ಹಾಗೆ ಕಾಣತ್ತೆ, ನೆಲ ಬಿಡುವಾಗ ದೊಡ್ಡ ಹೆಜ್ಜೆ, ಮೇಲೆ ಹೋಗ್ತಾ ಚಿಕ್ಕದಾಗಬೇಕು. ನಮ್ಮ ಎತ್ತರಗಳು 1.4, 2.5, 3.4, 4.0, 4.4, 4.5 ಸೆಂಟಿಮೀಟರ್, ಇಳಿಯುವಾಗ ಇದೇ ತಿರುಗಾ, ಹನ್ನೆರಡನೇ ಫೋಟೊಗೆ ಕಾಲು ನೆಲದಲ್ಲಿ. ಒಂದು ರಟ್ಟಿನ ಪಟ್ಟಿ ಮೇಲೆ ಗೆರೆ ಎಳೆದು ಕೋಳಿ ಪಕ್ಕ ನಿಲ್ಸಿ ಅಳತೆಗೆ ಸರಿ ಮಾಡಿ, ಪಟ್ಟಿ ತೆಗೆದು ಕ್ಲಿಕ್. ಓಡ್ಸಿ ನೋಡಿದಾಗ ಕೋಳಿಗೆ ಭಾರ ಬಂದಿತ್ತು, ನೆಲಕ್ಕೆ ಬಿದ್ದ ಹಾಗೆ ಅನ್ನಿಸ್ತು. ಈ ಅರ್ಧ ಸೆಕೆಂಡ್ ಈ ಸಿನಿಮಾದಲ್ಲಿ ನನಗೆ ಅತಿ ಇಷ್ಟ.

ರಿಗ್ ಅಳಿಸೋದಕ್ಕೆ ಖಾಲಿ ಸೆಟ್ಟಿನ ಫೋಟೊ ಬೇಕು, ಕ್ಲೀನ್ ಪ್ಲೇಟ್. ಕೋಳಿ ರಿಗ್ ಎರಡೂ ಇಲ್ಲದ ಫೋಟೊನ ಕೆಳಗಿನ ಲೇಯರಲ್ಲಿ ಇಟ್ಟು ಮೇಲಿನದರಲ್ಲಿ ರಿಗ್ ಇರೋ ಜಾಗ ಮಾಸ್ಕ್ ಮಾಡಿ ತೆಗೆಯೋದು. ಇದು ನಡೆಯೋದು ಹಿಂದಿನ ನೆಲ ಬದಲಾಗದೇ ಇದ್ರೆ ಮಾತ್ರ. ನಮ್ಮ ಸ್ಟೋರಿಬೋರ್ಡಲ್ಲಿ ಕೋಳಿ ಹಾರ್ತಾ ಇರುವಾಗಲೇ ರಂಗೋಲಿ ಚೆದುರೋದು ಇತ್ತು, ಹಾಗಾದ್ರೆ ಪ್ರತಿ ಫ್ರೇಮಿಗೂ ಕೋಳಿ ಬಿಚ್ಚಿ ಒಂದು ಪ್ಲೇಟ್ ತೆಗೆದು ಮತ್ತೆ ಅದೇ ಜಾಗಕ್ಕೆ ಕೂರಿಸ್ಬೇಕು. ಪೇಪರ್ ಮೇಲೇ ಇದು ಸಿಕ್ಕಿಬಿತ್ತು. ಕೋಳಿ ಇಳಿದು ಕಾಲು ಊರಿದ ಮೇಲೇ ಚೆದುರತ್ತೆ ಅಂತ ಬದಲಾಯಿಸಿದ್ವಿ, ಆ ಹೊತ್ತಿಗೆ ರಿಗ್ ಇರಲ್ಲ. ಹನ್ನೆರಡು ಫೋಟೊಗೂ ಒಂದೇ ಪ್ಲೇಟ್ ಸಾಕಾಯ್ತು. ರಿಗ್ ನೆರಳು ಇನ್ನೊಂದು ಕಾಟ, ಕೋಳಿ ನೆರಳು ಉಳೀಬೇಕು ರಿಗ್ ನೆರಳು ಹೋಗ್ಬೇಕು, ಎರಡೂ ಒಂದರ ಮೇಲೊಂದು ಬಿದ್ರೆ ಬಿಡ್ಸೋಕೆ ಆಗಲ್ಲ. ಆರ್ಮನ್ನ ಸೂರ್ಯನ ಲೈಟಿಗೆ ಓರೆ ಮಾಡಿ ಅದರ ನೆರಳು ಫ್ರೇಮಿಂದ ಹೊರಗೆ ಬೀಳೋ ಹಾಗೆ ಇಟ್ವಿ.

ಮೇಲಿಂದ ತೆಗೆಯೋ ಎಳೆ ಶಾಟು ಹಿಂದುಮುಂದಾಗಿ ತೆಗೆದಿದ್ದು. ಪುಡಿಯನ್ನ ಫೋಟೊ ಫೋಟೊಗೂ ಒಂದೂವರೆ ಸೆಂಟಿಮೀಟರ್ ಸೇರಿಸ್ತಾ ಹೋದ್ರೆ ಪ್ರತಿ ಸಲ ಜೋಡಣೆ ಗಂಟು ಕಾಣತ್ತೆ. ಹಾಗಾಗಿ ಅಮ್ಮನ ಕೈಲಿ ಪೂರ್ತಿ ರಂಗೋಲಿ ಒಂದೇ ಓಟದಲ್ಲಿ ಹಾಕಿಸಿ, ತುದಿಯಿಂದ ಅಳಿಸ್ತಾ ಫೋಟೊ ತೆಗೆದು, ಎಡಿಟಿಂಗಲ್ಲಿ ತಿರುಗಾಮುರುಗಾ ಓಡ್ಸಿದ್ವಿ. ಎಳೆ ಮೇಲೆ ದಾರ ಇಟ್ಟು ಅಳೆದ್ರೆ 1.8 ಮೀಟರ್ ಬಂತು, 120 ಫೋಟೊಗೆ ಹಂಚಿದ್ರೆ ಒಂದೂವರೆ ಸೆಂಟಿಮೀಟರ್. ಒಣ ಬ್ರಶ್ಶಲ್ಲಿ ಅಳಿಸಿದ್ರೆ ನೆಲದ ಮೇಲೆ ಬಿಳಿ ಮಬ್ಬು ಉಳೀತಿತ್ತು, ಒದ್ದೆ ಇಯರ್‌ಬಡ್ಡಲ್ಲಿ ಒರೆಸಿದ್ರೆ ಪೂರ್ತಿ ಹೋಗತ್ತೆ, ಆದ್ರೆ ಅಲ್ಲಿ ನೆಲ ಕಪ್ಪಗೆ ಕಾಣತ್ತೆ, ಒಣಗೋಕೆ ಎರಡು ನಿಮಿಷ ಕಾಯ್ಬೇಕು. ಈ 120 ಫೋಟೊ ಮೂರು ದಿನ ಹಿಡೀತು.

ಟೈಮ್‌ಟೇಬಲ್ ಬಗ್ಗೆ. ಶಾಟುಗಳನ್ನ ಕಥೆ ಕ್ರಮದಲ್ಲಿ ತೆಗೀಲಿಲ್ಲ, ಕ್ಯಾಮೆರಾ ಎಲ್ಲಿ ನಿಲ್ಲತ್ತೆ ಅನ್ನೋ ಕ್ರಮದಲ್ಲಿ ತೆಗೆದ್ವಿ. 1, 2, 5, 6 ಒಂದೇ ಕಡೆಯಿಂದ, ಅದು ಮೊದಲು. ಹತ್ತಿರದ 3 ಮತ್ತು 7 ಆಮೇಲೆ. ಮೇಲಿನ ಶಾಟಿಗೆ ರ್‍ಯಾಕಿನ ಆಂಗಲ್ ಪಟ್ಟಿ ಗೋಡೆಗೆ ಬೋಲ್ಟ್ ಹಾಕಬೇಕಿತ್ತು, ಅದು ಕೊನೇಗೆ. ಇನ್ನೊಂದು ನಿಯಮ, ದಿನ ಮುಗಿಯೋದು ಬೊಂಬೆ ನಿಂತಿರೋ ಅಥವಾ ಕೂತಿರೋ ಜಾಗದಲ್ಲೇ. ರಾತ್ರಿಯೆಲ್ಲ ಅರ್ಧ ಹೆಜ್ಜೇಲಿ ಬಿಟ್ರೆ ಸೆಕೆಗೆ ಜೇಡಿ ಮೆತ್ತಗಾಗಿ ತಂತಿ ಜಗ್ಗಿ ಬೆಳಿಗ್ಗೆ ಬೇರೇನೇ ಬೊಂಬೆ ಇರತ್ತೆ.

ಕೆಟ್ಟಿದ್ದು ಒಂದು ಸಲ, ಜೋರಾಗಿ. ಎರಡನೇ ಶಾಟು, ಐದನೇ ದಿನ, 71ನೇ ಫೋಟೊ, ಅಜ್ಜಿ ಬಲಗಾಲಿನ ಹಿಮ್ಮಡಿ ತಂತಿ ಪಟ್ ಅಂತ ತುಂಡಾಯ್ತು. ಅಲ್ಯೂಮಿನಿಯಂ ಒಂದೇ ಜಾಗದಲ್ಲಿ ಬಗ್ಗಿಸ್ತಾ ಇದ್ರೆ ಹೀಗೇ ಆಗತ್ತೆ, ಮುರಿಯೋ ಮುಂಚೆ ಆ ಕೀಲು ಬಗ್ಗಿಸುವಾಗ ಬೆರಳಿಗೆ ಮೊದಲಿಗಿಂತ ಸಡಿಲ ಅನ್ನಿಸಿತ್ತು, ನಾವು ಗಮನ ಕೊಡಲಿಲ್ಲ. ಕಾಲು ಬಿಚ್ಚಿ ಹೊಸದು ಹಾಕಿ ಸ್ಕ್ರೀನಲ್ಲಿ ಹಳೇ ಫೋಟೊನ ಮಸುಕಾಗಿ ಮೇಲೆ ತೋರ್ಸೋ ಆನಿಯನ್ ಸ್ಕಿನ್ನಲ್ಲಿ ಹೊಂದಿಸೋಕೆ ನೋಡಿದ್ವಿ, ಸೀರೆ ಮಡಿಕೆ ಯಾವ ಕಾರಣಕ್ಕೂ ಕೂರಲಿಲ್ಲ. ಪೂರ್ತಿ 108 ಮತ್ತೆ. ಎರಡೂ ಕಾಲಿಗೆ ಸ್ಪೇರ್ ಮಾಡಿಟ್ಟು, ಪ್ರತಿ ಶಾಟಿಗೂ ಹೊಸ ಕಾಲು ಹಾಕಿ ಶುರು ಮಾಡೋದು ಅಂತ ಆಯ್ತು. ಪಕ್ಕಕ್ಕಿಟ್ಟಿದ್ದ 150ರಲ್ಲಿ 71 ಅಲ್ಲೇ ಹೋಯ್ತು.

ದಿನದ ಲೆಕ್ಕ ಗೋಡೆಗೆ ಅಂಟಿಸಿದ್ವಿ. ಮೊದಲ ದಿನ 31, ಎರಡನೇ ದಿನ 38, ನಡಿಗೆ ಇರೋ ದಿನಗಳಲ್ಲಿ 40 ದಾಟಲೇ ಇಲ್ಲ, ಚುಕ್ಕಿ ಶಾಟಲ್ಲಿ ಕೈ ಮಾತ್ರ ಆಡೋದ್ರಿಂದ ಒಂದು ದಿನ 63. ಹತ್ತನೇ ದಿನಕ್ಕೆ ನೋಡಿದ್ರೆ ಒಂದು ದಿನದಷ್ಟು ಹಿಂದೆ ಇದ್ವಿ. ಅವತ್ತೇ ಐದನೇ ಶಾಟನ್ನ, ಇನ್ನೂ ತೆಗೆದಿರಲಿಲ್ಲ ಅದನ್ನ, 6 ಸೆಕೆಂಡಿಂದ 4ಕ್ಕೆ ಇಳಿಸಿದ್ವಿ. ಕೋಳಿ ಬಂದು ಎರಡು ಸಲ ಕತ್ತು ಕೊಂಕ್ಸೋದು ಇತ್ತು, ಒಂದು ಸಲ ಸಾಕು ಅಂತ. 24 ಫೋಟೊ ಉಳೀತು, ಸಿನಿಮಾ 46 ಸೆಕೆಂಡಿಗೆ ನಿಂತ್ಕೊಳ್ತು.

ಹದಿನಾರನೇ ದಿನ ರಾತ್ರಿ ಎಂಟಕ್ಕೆ ಹತ್ತು ನಿಮಿಷ ಇರುವಾಗ ನೆಲದಲ್ಲಿ 16 ಚುಕ್ಕಿ ಮಾತ್ರ ಉಳಿದಿದ್ದ ಕೊನೇ ಫೋಟೊ ಆಯ್ತು. ಲೈಟ್ ಆರಿಸೋ ಮುಂಚೆ ಮತ್ತೊಂದು ಸಲ 24 ಖಾಲಿ ಫೋಟೊ ತೆಗೆದು ಮೊದಲ ದಿನದ ಟೆಸ್ಟ್ ಜೊತೆ ಹೋಲಿಸಿ ನೋಡಿದೆ, ಎಡಿಟಿಂಗಲ್ಲಿ ಬಣ್ಣ ಹೊಂದಿಸೋರಿಗೆ ಬೇಕಾಗತ್ತೆ ಅಂತ. ನಂಬರು ಮೂರನೇ ಸ್ಥಾನದಲ್ಲಿ ಮಾತ್ರ ಬದಲಾಗ್ತಿತ್ತು. ಆಮೇಲೆ ಕಿಟಕಿ ಚಾರ್ಟ್ ಕಿತ್ತು ಫ್ಯಾನ್ ಹಾಕಿದ್ವಿ.